ಫ್ಲ್ಯಾಗ್ ಬಿದ್ದವರ ಲೆಕ್ಕ

ಜುಲೈ 7, 2025, ಸೋಮವಾರ
ಶಿವಮೊಗ್ಗ

ಮಧ್ಯಾಹ್ನ ಪ್ರಿನ್ಸಿಪಾಲರ ಚೇಂಬರಿನಲ್ಲಿ ಡೆಮೊ ಇತ್ತು. ಬೆಂಗಳೂರಿನ ಕಂಪನಿಯಿಂದ ಬಂದಿದ್ದ ಹುಡುಗ ಚುರುಕಾಗಿದ್ದ, ಮಾತೂ ಚೆನ್ನಾಗಿತ್ತು. ಅವನು ತಂದದ್ದು ಎರಡು ಸರಕು. ಒಂದು, ಇಂಗ್ಲಿಷ್ ಪೇಪರಿನ ಪ್ರಬಂಧಗಳನ್ನು ತಾನೇ ಓದಿ ಅಂಕ ಹಾಕುವ ತಂತ್ರಾಂಶ. ಇನ್ನೊಂದು, ಮಕ್ಕಳು ಮನೆಯಲ್ಲೋ ಹಾಸ್ಟೆಲಿನಲ್ಲೋ ಕೂತು ಇಂಟರ್ನಲ್ ಟೆಸ್ಟ್ ಬರೆಯುವಾಗ ಅವರ ಕ್ಯಾಮೆರಾದಿಂದಲೇ ಅವರನ್ನು ಕಾಯುವ ಆನ್‌ಲೈನ್ ಪ್ರಾಕ್ಟರಿಂಗ್. ಎರಡನ್ನೂ ಒಟ್ಟಿಗೆ ತೆಗೆದುಕೊಂಡರೆ ರಿಯಾಯಿತಿ ಅಂತೆ.

ಕಂಟ್ರೋಲರ್ ಸರ್‌ಗೆ ಇದು ಬೇಕಾಗಿದೆ ಅನ್ನುವುದು ಅವರು ಕೂತ ಭಂಗಿಯಲ್ಲೇ ಗೊತ್ತಾಗುತ್ತಿತ್ತು. ಅವರನ್ನು ತಪ್ಪು ಅನ್ನಲಾರೆ. ಅಟಾನಮಸ್ ಆದಮೇಲೆ ಪ್ರಶ್ನೆಪತ್ರಿಕೆಯಿಂದ ಫಲಿತಾಂಶದವರೆಗೆ ಎಲ್ಲ ನಮ್ಮ ತಲೆಯ ಮೇಲೇ ಬಿದ್ದಿದೆ. ವ್ಯಾಲ್ಯುಯೇಷನ್ನಿಗೆ ಅತಿಥಿ ಉಪನ್ಯಾಸಕರನ್ನು ಕರೆದರೆ ಹಿಂದಿನ ಸೆಮಿಸ್ಟರಿನ ರೆಮ್ಯುನರೇಷನ್ ಎಲ್ಲಿ ಎನ್ನುತ್ತಾರೆ. ಬಂಡಲ್‌ಗಳು ಸ್ಟ್ರಾಂಗ್ ರೂಮಿನಲ್ಲಿ ಹಾಗೇ ಕೂತಿರುತ್ತವೆ.

ಹುಡುಗ ಒಂದು ಸ್ಲೈಡ್ ತೋರಿಸಿದ. ಮನುಷ್ಯ ವ್ಯಾಲ್ಯುಯೇಟರ್‌ಗಳ ಜೊತೆ ತಂತ್ರಾಂಶದ ಹೊಂದಾಣಿಕೆ, ಕಪ್ಪಾ 0.8. ಎಲ್ಲರೂ ನನ್ನ ಕಡೆ ತಿರುಗಿದರು. ಸ್ಟ್ಯಾಟಿಸ್ಟಿಕ್ಸ್ ಕಲಿಸುವವಳಿಗೆ ಇಂಥ ಹೊತ್ತಿನಲ್ಲಿ ಮಾತ್ರ ಎಲ್ಲಿಲ್ಲದ ಗೌರವ. "ಯಾವ ಮಕ್ಕಳ ಪ್ರಬಂಧದ ಮೇಲೆ ಈ 0.8?" ಅಂದೆ. ಕಳಿಸಿಕೊಡ್ತೀನಿ ಮೇಡಂ ಅಂದ. ಕೊನೆಗೆ, ನೀವೇ ನೋಡಿ ಒಂದು ಟಿಪ್ಪಣಿ ಬರೆದುಕೊಡಿ ಎಂದು ಪ್ರಿನ್ಸಿಪಾಲರು ನನಗೇ ಗಂಟುಹಾಕಿದರು. ಆಗಸ್ಟ್ ಮೊದಲ ವಾರ ಕಮಿಟಿ ಮತ್ತೆ ಸೇರುತ್ತದೆ.

ಜುಲೈ 10, ಗುರುವಾರ

ಯಂತ್ರ ಪ್ರಬಂಧವನ್ನು ಓದುತ್ತದೆ ಅನ್ನುವ ಮಾತನ್ನೇ ಮೊದಲು ಬಿಡಬೇಕು. ಅದು ಮಾಡುವುದು ಊಹೆ. ಈ ಪ್ರಬಂಧಕ್ಕೆ ಒಬ್ಬ ವ್ಯಾಲ್ಯುಯೇಟರ್ ಎಷ್ಟು ಹಾಕುತ್ತಿದ್ದ ಎಂಬ ಊಹೆ ಅಷ್ಟೆ.

ಇದು ಹೊಸದೇನಲ್ಲ. 1966ರಲ್ಲೇ ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಎಲಿಸ್ ಪೇಜ್ ಇದನ್ನು ಮಾಡಿದ್ದ. ಅವನೂ ಹಿಂದೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ, ಕಂತೆಗಟ್ಟಲೆ ಪ್ರಬಂಧ ತಿದ್ದಿ ದಣಿದವನೇ. ಮಕ್ಕಳ ಬರಹವನ್ನು ಪಂಚ್ ಕಾರ್ಡಿಗೆ ಇಳಿಸಿ, ಕಂಪ್ಯೂಟರಿನಿಂದ ಎಣಿಸಬಹುದಾದ್ದನ್ನೆಲ್ಲ ಎಣಿಸಿದ. ಪ್ರಬಂಧ ಎಷ್ಟು ಉದ್ದ, ಪದ ಸರಾಸರಿ ಎಷ್ಟು ಉದ್ದ, ಅಲ್ಪವಿರಾಮ ಎಷ್ಟು. ಆಲೋಚನೆಯ ಆಳವನ್ನು ನೇರವಾಗಿ ಅಳೆಯಲು ಬಾರದು, ಆದರೆ ಆಳವಾಗಿ ಆಲೋಚಿಸುವವರು ಸಾಮಾನ್ಯವಾಗಿ ಉದ್ದ ಪದ ಬಳಸುತ್ತಾರೆ, ಹಾಗಾಗಿ ಪದವನ್ನು ಅಳೆಯೋಣ ಎಂಬುದು ಅವನ ತರ್ಕ. ಆ ಎಣಿಕೆಗಳನ್ನೂ ಮನುಷ್ಯರು ಹಾಕಿದ್ದ ಅಂಕಗಳನ್ನೂ ಪಕ್ಕಪಕ್ಕ ಇಟ್ಟು ರಿಗ್ರೆಷನ್ ಮಾಡಿದ. ನಾನು ನಾಲ್ಕನೇ ಸೆಮಿಸ್ಟರಿಗೆ ಕಲಿಸುವ ರಿಗ್ರೆಷನ್ನೇ. ಫಲಿತಾಂಶ ಆಶ್ಚರ್ಯ ಪಡುವಷ್ಟು ಹೊಂದಿಕೆಯಾಯಿತು.

1999ರಲ್ಲಿ ಜಿಮ್ಯಾಟ್ ಪರೀಕ್ಷೆಗೆ ಇ-ರೇಟರ್ ಬಂತು. ಈಗ ಎಣಿಸುವ ಸಂಗತಿಗಳು ಹೆಚ್ಚಿವೆ, ಲೆಕ್ಕ ಸೂಕ್ಷ್ಮವಾಗಿದೆ, ನ್ಯೂರಲ್ ನೆಟ್‌ವರ್ಕ್ ಬಂದಿದೆ. ಬುಡ ಮಾತ್ರ ಅದೇ. ಮನುಷ್ಯರು ಅಂಕ ಹಾಕಿದ ಕೆಲವು ಸಾವಿರ ಪ್ರಬಂಧ ಕೊಡು, ಅದರಲ್ಲಿರುವ ಒಲವುಗಳನ್ನು ಯಂತ್ರ ಹಿಡಿದುಕೊಳ್ಳಲಿ, ಆಮೇಲೆ ಹೊಸ ಪ್ರಬಂಧಕ್ಕೆ ಊಹಿಸಲಿ.

ಇದನ್ನು ಬಯಲಿಗೆಳೆದವರು ಎಂಐಟಿಯಲ್ಲಿ ಬರವಣಿಗೆ ವಿಭಾಗ ನಡೆಸುತ್ತಿದ್ದ ಲೆಸ್ ಪೆರೆಲ್ಮನ್. 2014ರಲ್ಲಿ ವಿದ್ಯಾರ್ಥಿಗಳ ಜೊತೆ ಸೇರಿ ಬೇಬಲ್ ಎಂಬ ಪ್ರೋಗ್ರಾಂ ಬರೆದರು. ಎರಡೋ ಮೂರೋ ಪದ ಕೊಟ್ಟರೆ ವ್ಯಾಕರಣಬದ್ಧವಾದ, ಭಾರಿ ಪದಗಳ, ಆದರೆ ತಲೆಬುಡವಿಲ್ಲದ ಪ್ರಬಂಧವನ್ನು ಅದು ಕ್ಷಣದಲ್ಲಿ ಕಾರುತ್ತದೆ. ಖಾಸಗಿತನ ಎಂಬ ಒಂದೇ ಪದ ಕೊಟ್ಟು ಪಡೆದ ಪ್ರಬಂಧಕ್ಕೆ ಮಾರುಕಟ್ಟೆಯಲ್ಲಿದ್ದ ಒಂದು ತಂತ್ರಾಂಶ ಕೊಟ್ಟದ್ದು 6ಕ್ಕೆ 5.4. ಇಂಗ್ಲಿಷ್ ಮೇಡಂಗೆ ಇದನ್ನು ಹೇಳಿದಾಗ ನಕ್ಕು, "ನಮ್ಮಲ್ಲೂ ಬೇಬಲ್ ಇದೆಯಲ್ಲ, ಪಾಸಿಂಗ್ ಪ್ಯಾಕೇಜ್ ಗೈಡು" ಅಂದರು.

ಆ ಮಾತು ಅವರು ಅಂದುಕೊಂಡದ್ದಕ್ಕಿಂತ ದೂರ ಹೋಗುತ್ತದೆ ಅನ್ನಿಸುತ್ತಿದೆ. ನಾಳೆ ನೋಡುತ್ತೇನೆ. ಕರೆಂಟು ಹೋಯಿತು.

ಜುಲೈ 13, ಭಾನುವಾರ

ಬೆಳಗಿನಿಂದ ಮಳೆ. ಎಲ್ಲೂ ಹೋಗುವ ಹಾಗಿಲ್ಲ, ಲೆಕ್ಕಕ್ಕೆ ಹೇಳಿಮಾಡಿಸಿದ ದಿನ.

ಆ 0.8 ಎಂದರೆ ಏನು ಅಂತ ಕಮಿಟಿಗೆ ಹೇಗೆ ವಿವರಿಸಲಿ? ನೂರು ಪ್ರಬಂಧ ಇವೆ, ಐದು ಅಂಕಕ್ಕೆ. ನಮ್ಮ ವ್ಯಾಲ್ಯುಯೇಟರ್‌ಗಳ ಸ್ವಭಾವ ಗೊತ್ತೇ ಇದೆ, ಎಪ್ಪತ್ತಕ್ಕೆ ಮೂರು ಹಾಕಿರುತ್ತಾರೆ. ಈಗ ಒಂದು ಪೆದ್ದ ಯಂತ್ರ ಒಂದನ್ನೂ ಬಿಚ್ಚಿ ನೋಡದೆ ನೂರಕ್ಕೂ ಮೂರೇ ಹಾಕಿತು ಅನ್ನಿ. ಎಪ್ಪತ್ತು ಶೇಕಡಾ ಹೊಂದಾಣಿಕೆ! ಜಾಹೀರಾತಿಗೆ ಸಾಕು. ಕಪ್ಪಾ ಈ ಮೋಸವನ್ನು ಹಿಡಿಯುತ್ತದೆ. ಕಣ್ಣುಮುಚ್ಚಿ ಹಾಕಿದ್ದರೂ ಎಷ್ಟು ಹೊಂದುತ್ತಿತ್ತೋ ಅದನ್ನು ಕಳೆದು ಉಳಿದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಪೆದ್ದ ಯಂತ್ರದ ಕಪ್ಪಾ ಸೊನ್ನೆ. ಹಾಗಾಗಿ 0.8 ಕಡೆಗಣಿಸುವ ಅಂಕಿ ಅಲ್ಲ.

ಆದರೆ ಅದು ಇಡೀ ರಾಶಿಯ ಮೇಲೆ ತೆಗೆದ ಒಂದೇ ಅಂಕಿ. ತಪ್ಪು ಬಿದ್ದದ್ದು ಎಲ್ಲರ ಮೇಲೂ ಸಮವಾಗಿ ಹರಡಿದೆಯೋ, ಒಂದೇ ಬಗೆಯ ಮಕ್ಕಳ ಮೇಲೆ ಕೂಡಿಬಿದ್ದಿದೆಯೋ ಅನ್ನುವುದನ್ನು ಅದು ಹೇಳುವುದಿಲ್ಲ. ಹೇಳಲು ಬಾರದು.

ಇಂಗ್ಲಿಷ್ ಮೇಡಂ ಕೊಟ್ಟ ಹೋದ ವರ್ಷದ ಒಂದು ಬಂಡಲ್ ನನ್ನ ಹತ್ತಿರ ಇತ್ತು, ಹೆಸರು ಮುಚ್ಚಿದ್ದು. ಸುಮ್ಮನೆ ಉದ್ದವನ್ನಷ್ಟೇ ನೋಡಿ ಪ್ರಬಂಧಗಳನ್ನು ಸಾಲಾಗಿ ಜೋಡಿಸಿದೆ. ಒಂದಕ್ಷರ ಓದಲಿಲ್ಲ. ಆಮೇಲೆ ಹಾಕಿದ್ದ ಅಂಕ ತೆರೆದೆ. ಬಹುಪಾಲು ಸಾಲು ತಪ್ಪಿರಲಿಲ್ಲ. ಉದ್ದ ಬರೆದವರಿಗೆ ಹೆಚ್ಚು, ಗಿಡ್ಡ ಬರೆದವರಿಗೆ ಕಡಿಮೆ. ಇದು ನಮ್ಮವರ ದೌರ್ಬಲ್ಯ ಮಾತ್ರ ಅಲ್ಲ. 2005ರಲ್ಲಿ ಅಮೆರಿಕದ ಸ್ಯಾಟ್ ಪರೀಕ್ಷೆಗೆ ಪ್ರಬಂಧ ಸೇರಿಸಿದಾಗ, ಮಾದರಿ ಉತ್ತರಗಳ ಉದ್ದ ನೋಡಿಯೇ ಅಂಕ ಹೇಳಬಹುದು ಎಂದು ಪೆರೆಲ್ಮನ್ ತೋರಿಸಿದ್ದರು. ಮನುಷ್ಯನ ದಣಿವು ಯಂತ್ರದ ಪಾಠವಾಗುತ್ತದೆ. ಒಂದು ವ್ಯತ್ಯಾಸ ಇದೆ: ಮನುಷ್ಯ ಒಮ್ಮೊಮ್ಮೆ ಎಚ್ಚರವಾಗಿರುತ್ತಾನೆ.

ಆ ಸಾಲಿನಲ್ಲಿ ಎದ್ದು ಕಂಡದ್ದು ಎರಡು. ಒಂದು ಮುಕ್ಕಾಲು ಪುಟದ ಉತ್ತರ. "ನನ್ನ ಊರಿನ ಬಸ್ಸು" ಎಂಬ ವಿಷಯಕ್ಕೆ, ಇಂಗ್ಲಿಷು ತಡವರಿಸುತ್ತದೆ, ಆದರೆ ಬಸ್ಸು ತಪ್ಪಿದ ದಿನ ಹುಡುಗಿ ನದಿ ದಂಡೆಯಲ್ಲಿ ನಡೆದು ಬಂದದ್ದು ಕಣ್ಣಿಗೆ ಕಟ್ಟುತ್ತದೆ. ವ್ಯಾಲ್ಯುಯೇಟರ್ ಒಳ್ಳೆಯ ಅಂಕ ಹಾಕಿ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಗೀಟು ಎಳೆದಿದ್ದಾರೆ. ಇನ್ನೊಂದು ಮೂರು ಪುಟದ್ದು. ಗೈಡಿನಿಂದ ಬಾಯಿಪಾಠ ಮಾಡಿದ ಪೀಠಿಕೆ, ಉಪಸಂಹಾರ, ನಡುವೆ ಬಸ್ಸಿನ ಸುಳಿವೇ ಇಲ್ಲ. ಅದಕ್ಕೆ ಕಡಿಮೆ. ಉದ್ದದ ಸಾಲಿನಲ್ಲಿ ಇವೆರಡೂ ತಲೆಕೆಳಗಾಗಿದ್ದವು.

ಇ-ರೇಟರ್ ತಯಾರಿಸಿದ ಇಟಿಎಸ್ ಸಂಸ್ಥೆಯ ಸಂಶೋಧಕರೇ 2012ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ದೊಡ್ಡ ಪ್ರಮಾಣದಲ್ಲಿ ಹೇಳುತ್ತದೆ. ಒಟ್ಟಾರೆ ಹೊಂದಾಣಿಕೆ ಚೆನ್ನಾಗಿದೆ. ಗುಂಪು ಗುಂಪಾಗಿ ಬಿಡಿಸಿ ನೋಡಿದರೆ ಚೀನಾದಿಂದ ಬರೆದವರಿಗೆ ಯಂತ್ರ ಮನುಷ್ಯರಿಗಿಂತ ಹೆಚ್ಚು ಕೊಟ್ಟಿದೆ, ಆಫ್ರಿಕನ್ ಅಮೆರಿಕನ್ನರಿಗೆ ಕಡಿಮೆ ಕೊಟ್ಟಿದೆ. ಬಾಯಿಪಾಠದ ಅಚ್ಚುಕಟ್ಟು ಚೌಕಟ್ಟು, ಉದ್ದ ಉದ್ದ ಪ್ಯಾರಾ ಯಂತ್ರಕ್ಕೆ ಇಷ್ಟ ಎನ್ನುವುದು ಒಂದು ವಿವರಣೆ. ಸಂಸ್ಥೆಯವರೇ ತಮ್ಮ ಸರಕನ್ನು ಹೀಗೆ ಒಡೆದು ನೋಡಿ ಪ್ರಕಟಿಸಿದ್ದಾರಲ್ಲ, ಅದಕ್ಕೆ ಮೆಚ್ಚಬೇಕು. ನಮ್ಮ ಬೆಂಗಳೂರಿನ ಹುಡುಗ ಇನ್ನೂ ಏನೂ ಕಳಿಸಿಲ್ಲ.

ಜುಲೈ 19, ಶನಿವಾರ

ರಾತ್ರಿ ಡಲ್ಲಾಸಿನಿಂದ ತಂಗಿ ಫೋನು ಮಾಡಿದ್ದಳು. ಅವಳ ಮಗ ಈ ವರ್ಷ ಎಂಟನೇ ತರಗತಿ. ಅಲ್ಲಿನ ಸ್ಟಾರ್ ಪರೀಕ್ಷೆಯ ವಿಷಯ ಕೇಳಿದೆ. ಟೆಕ್ಸಾಸ್ ರಾಜ್ಯವಿಡೀ ಮಕ್ಕಳು ಬರೆಯುವ ಆ ಪರೀಕ್ಷೆಯ ಬರಹದ ಉತ್ತರಗಳನ್ನು 2023ರ ಡಿಸೆಂಬರಿನಿಂದ ಯಂತ್ರವೇ ಮೊದಲು ನೋಡುತ್ತದೆ.

ಅದರ ನಡಾವಳಿ ನನಗೆ ಉಪಯೋಗಕ್ಕೆ ಬಂತು. ಪ್ರತಿ ಪ್ರಶ್ನೆಗೆ ಸುಮಾರು 3,000 ಉತ್ತರಗಳನ್ನು ಮೊದಲು ಮನುಷ್ಯರು ತಿದ್ದುತ್ತಾರೆ, ಯಂತ್ರ ಅದರಿಂದ ಕಲಿಯುತ್ತದೆ. ಆಮೇಲೆ ಎಲ್ಲವನ್ನೂ ಯಂತ್ರ ತಿದ್ದಿ, ಕಾಲು ಭಾಗವನ್ನು ಮತ್ತೆ ಮನುಷ್ಯರಿಗೆ ಕಳಿಸುತ್ತದೆ. ತನ್ನ ಊಹೆಯ ಬಗ್ಗೆ ತನಗೇ ಭರವಸೆ ಇಲ್ಲದವು, ಆಡುನುಡಿ ಅಥವಾ ಬೇರೆ ಭಾಷೆಯ ಪದ ಬೆರೆತವು ಹಾಗೆ ಹೋಗುವುದರಲ್ಲಿ ಸೇರಿವೆ. ಮೊದಲು ಸುಮಾರು 6,000 ಮಂದಿ ಹಂಗಾಮಿ ತಿದ್ದುವವರು ಬೇಕಾಗುತ್ತಿತ್ತು, ಈಗ 2,000ಕ್ಕೂ ಕಡಿಮೆ ಸಾಕು. ಉಳಿತಾಯ ವರ್ಷಕ್ಕೆ 1.5ರಿಂದ 2 ಕೋಟಿ ಡಾಲರ್ ಎಂದು ಅಲ್ಲಿನ ಶಿಕ್ಷಣ ಇಲಾಖೆಯ ಅಂದಾಜು. ಇಷ್ಟಾದರೂ ಮಾಡಿದ್ದಾರೆ. ಡೆಮೊದಲ್ಲಿ ಕಂಡದ್ದರಲ್ಲಿ ಮನುಷ್ಯರಿಗೆ ಹೋಗುವ ದಾರಿಯೇ ಇರಲಿಲ್ಲ.

ಆದರೆ ಒಂದು ನಿಯಮ ನನ್ನನ್ನು ಹಿಡಿದು ನಿಲ್ಲಿಸಿತು. ದೊಡ್ಡ ಬರಹಕ್ಕೆ ಐದು ಅಂಕದ ಅಳತೆ. ವಿಚಾರ ಮತ್ತು ಜೋಡಣೆಗೆ ಮೂರು, ವ್ಯಾಕರಣ ಕಾಗುಣಿತಕ್ಕೆ ಎರಡು. ವಿಚಾರಕ್ಕೆ ಸೊನ್ನೆ ಬಿದ್ದರೆ ವ್ಯಾಕರಣಕ್ಕೂ ಸೊನ್ನೆ. ಇದು ಯಂತ್ರಕ್ಕಿಂತ ಮುಂಚಿನ ನಿಯಮ, ಮನುಷ್ಯರಿಗೂ ಅದೇ. ಆದರೆ ಒಂದಕ್ಕೂ ಸೊನ್ನೆಗೂ ನಡುವಿನ ಗೆರೆಯಲ್ಲಿ ಯಂತ್ರ ಒಂದಿಷ್ಟು ಆಚೆ ವಾಲಿದರೆ ಹೋಗುವುದು ಒಂದು ಅಂಕವಲ್ಲ, ಮೂರೂ ಹೋಗಬಹುದು.

ಮಾರ್ಕು ಸರಿಯಿಲ್ಲ ಅನ್ನಿಸಿದರೆ ಮರುಪರಿಶೀಲನೆ ಕೇಳಬಹುದು. ಶುಲ್ಕ 50 ಡಾಲರ್, ಅಂಕ ಏರಿದರೆ ಕಟ್ಟಬೇಕಿಲ್ಲ. ಡಲ್ಲಾಸ್ ನಗರದ ಶಾಲಾ ಜಿಲ್ಲೆ 2024ರಲ್ಲಿ ತನ್ನ ಮಕ್ಕಳ ಸುಮಾರು 4,600 ಪರೀಕ್ಷೆಗಳನ್ನು ಹೀಗೆ ಮತ್ತೆ ನೋಡಿಸಿತು. 2,000ದ ಹತ್ತಿರ ಮಕ್ಕಳ ಅಂಕ ಏರಿತು. ತಂಗಿ ಇದನ್ನು ಕೇಳಿ "ಅಯ್ಯೋ, ಅರ್ಧಕ್ಕರ್ಧ ತಪ್ಪಾ ಹಂಗಾದ್ರೆ!" ಅಂದಳು. ಹಾಗಲ್ಲ ಕಣೇ ಅಂದೆ. ಅವರು ಆರಿಸಿ ಕಳಿಸಿದ್ದು ಅನುಮಾನ ಬಂದವನ್ನು. ಆ ಲೆಕ್ಕದಿಂದ ರಾಜ್ಯದ ತಪ್ಪಿನ ಪ್ರಮಾಣ ತೆಗೆಯಲು ಬಾರದು. ತೆಗೆಯಬಹುದಾದ್ದು ಬೇರೆ: ಯಾರಾದರೂ ಅನುಮಾನಪಟ್ಟು, ದುಡ್ಡಿನ ಅಪಾಯ ತಲೆಮೇಲೆ ಹಾಕಿಕೊಂಡು ಕೇಳಿದರೆ ಮಾತ್ರ ಈ ತಪ್ಪು ಹೊರಬೀಳುತ್ತದೆ.

"ನಮ್ಮವನಿಗಾದ್ರೆ ಐವತ್ತು ಡಾಲರ್ ಕಟ್ತೀವಕ್ಕ. ಅವನ ಕ್ಲಾಸಲ್ಲೇ ಇದಾರೆ, ಮನೆಗೆ ಬಂದ ರಿಪೋರ್ಟು ಓದೋಕೂ ಯಾರೂ ಇಲ್ಲದ ಮಕ್ಕಳು."

ಅವಳ ಈ ಮಾತನ್ನು ಟಿಪ್ಪಣಿಗೆ ಹಾಗೇ ಹಾಕಿದರೆ ಕಂಟ್ರೋಲರ್ ಒಪ್ಪುವುದಿಲ್ಲ. ಆದರೆ ನನ್ನ ತಲೆಯಲ್ಲಿ ಒಂದು ಎಳೆ ಸಿಕ್ಕಿತು. ಯಂತ್ರ ಎಷ್ಟು ತಪ್ಪು ಮಾಡುತ್ತದೆ ಎಂಬ ಪ್ರಶ್ನೆಯ ಹಿಂದೆ, ಆ ತಪ್ಪನ್ನು ತೋರಿಸಿಕೊಡುವ ಕೆಲಸ ಯಾರ ಪಾಲಿನದು ಎಂಬ ಪ್ರಶ್ನೆ ಕೂತಿದೆ.

ಜುಲೈ 24, ಗುರುವಾರ

ಪ್ರಾಕ್ಟರಿಂಗಿನ ಟ್ರಯಲ್ ಕಾಪಿ ಬಂದಿತ್ತು. ಕಡೇ ವರ್ಷದ ಕೆಲವು ಮಕ್ಕಳು ಖುಷಿಯಿಂದ ಬಂದರು. ಅರ್ಧ ಗಂಟೆಯ ಅಣಕು ಪರೀಕ್ಷೆ, ನನ್ನದೇ ಪೇಪರು. ಕೆಲವರು ಲ್ಯಾಬಿನಲ್ಲಿ, ಕೆಲವರು ಹಾಸ್ಟೆಲ್ ಕೋಣೆಯಲ್ಲಿ.

ಮೊದಲ ಐದು ನಿಮಿಷದಲ್ಲೇ ಹೆಚ್ಚುಕಡಿಮೆ ಎಲ್ಲರ ಹೆಸರ ಮುಂದೆ ಫ್ಲ್ಯಾಗ್ ಬೀಳತೊಡಗಿತು. ಕಾರಣ ಹುಡುಕಿದರೆ ನಗು ಬಂತು. ಸ್ಟ್ಯಾಂಡರ್ಡ್ ಡೀವಿಯೇಷನ್ ಕಂಡುಹಿಡಿಯಲು ಮಕ್ಕಳು ತಲೆ ತಗ್ಗಿಸಿ ಕಾಗದದ ಮೇಲೆ ರಫ್ ವರ್ಕ್ ಮಾಡುತ್ತಿದ್ದಾರೆ. ತಂತ್ರಾಂಶಕ್ಕೆ ಅದು ಕಳ್ಳನೋಟ. ಪರದೆ ನೋಡುತ್ತಾ ಸುಮ್ಮನೆ ಕೂತವನೊಬ್ಬನಿಗೆ ಮಾತ್ರ ಫ್ಲ್ಯಾಗ್ ಇಲ್ಲ, ಅವನಿಗೆ ಲೆಕ್ಕ ಬರುತ್ತಿರಲಿಲ್ಲ.

ಹಾಸ್ಟೆಲಿನದು ನಗುವ ಸಂಗತಿಯಲ್ಲ. ಹೊಸನಗರ ಕಡೆಯ ಹುಡುಗಿ, ಕಿಟಕಿಗೆ ಬೆನ್ನು ಹಾಕಿ ಮಂಚದ ಮೇಲೆ ಕೂತಿದ್ದಳು, ಮಂಚ ಇರುವುದೇ ಹಾಗೆ. ಹೊರಗೆ ಮೋಡದ ಬೆಳಕು, ಒಳಗೆ ಒಂದೇ ಟ್ಯೂಬ್‌ಲೈಟು, ಅದೂ ಮಿಣುಕು. Face not detected ಎಂದು ಬರುತ್ತಲೇ ಇತ್ತು. ಮಂಚದ ಮೇಲೇ ತಿರುಗಿ ಕೂತಳು, ಮೊಬೈಲ್ ಟಾರ್ಚನ್ನು ಮುಖಕ್ಕೆ ಹಿಡಿದಳು. ಟಾರ್ಚ್ ಹಿಡಿದ ಕೈ ಕ್ಯಾಮೆರಾದಲ್ಲಿ ಕಂಡಾಗ ಮೊಬೈಲ್ ಇದೆ ಎಂದು ಮತ್ತೊಂದು ಫ್ಲ್ಯಾಗ್! ಅರ್ಧ ಗಂಟೆಯಲ್ಲಿ ಪ್ರಶ್ನೆ ಓದಿದ್ದಕ್ಕಿಂತ ಬೆಳಕು ಹುಡುಕಿದ್ದೇ ಹೆಚ್ಚು. ಅವಳು ಕೇಳಿದ್ದು ಇಷ್ಟೆ: "ಮೇಡಂ, ನಿಜವಾದ ಟೆಸ್ಟಲ್ಲಿ ಟೈಮ್ ನಿಲ್ಲುತ್ತಾ?"

ಮುಖ ಸಿಗದೆ ಹೋಗುವುದಕ್ಕೆ ಕಾರಣ ನಿಗೂಢವಲ್ಲ. ಹಳೆಯ ಬಗೆಯ ಮುಖಪತ್ತೆ ಲೆಕ್ಕಗಳು ನೋಡುವುದು ಕಪ್ಪು ಬಿಳುಪಿನ ಏರಿಳಿತವನ್ನು. ಕಣ್ಣಿನ ಪಟ್ಟಿ ಕೆನ್ನೆಗಿಂತ ಕಪ್ಪಾಗಿರಬೇಕು, ಮೂಗಿನ ದಿಂಡು ಎರಡೂ ಕಣ್ಣಿಗಿಂತ ಬೆಳ್ಳಗಿರಬೇಕು. ಚರ್ಮ ಕಪ್ಪು, ಬೆಳಕು ಮಂದ, ಕ್ಯಾಮೆರಾ ಅಗ್ಗದ್ದು ಆದರೆ ಈ ಏರಿಳಿತ ಅಳಿಸಿಹೋಗುತ್ತದೆ. ಹೊಸ ಬಗೆಯವು ಲಕ್ಷಾಂತರ ಫೋಟೋಗಳಿಂದ ಕಲಿಯುತ್ತವೆ, ಆ ಫೋಟೋಗಳಲ್ಲಿ ಯಾರ ಮುಖ ಕಡಿಮೆಯೋ ಅವರಿಗೆ ತೊಂದರೆ ಹೆಚ್ಚು.

ಆಮ್‌ಸ್ಟರ್ಡ್ಯಾಮಿನ ಫ್ರೈ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ ರಾಬಿನ್ ಪೊಕೊರ್ನಿ ಕೂಡ ಕೊರೊನಾ ಕಾಲದಲ್ಲಿ ಹೀಗೇ ಮುಖಕ್ಕೆ ದೀಪ ಹಿಡಿದುಕೊಂಡು ಪರೀಕ್ಷೆ ಬರೆದವಳು. ಕಪ್ಪು ವರ್ಣದ ಅವಳು 2022ರಲ್ಲಿ ನೆದರ್ಲೆಂಡ್ಸಿನ ಮಾನವ ಹಕ್ಕುಗಳ ಸಂಸ್ಥೆಗೆ ದೂರು ಕೊಟ್ಟಳು. ಆ ಡಿಸೆಂಬರಿನ ಮಧ್ಯಂತರ ತೀರ್ಪಿನಲ್ಲಿ ಸಂಸ್ಥೆ ಹೇಳಿದ್ದನ್ನು ಎರಡು ಸಲ ಓದಿದೆ. ತಾರತಮ್ಯ ಆಗಿರಬಹುದು ಎಂದು ನಂಬಲು ಸಾಕಷ್ಟು ಕಾರಣ ಇದೆ, ಇನ್ನು ಆಗಿಲ್ಲ ಎಂದು ತೋರಿಸಬೇಕಾದ್ದು ವಿಶ್ವವಿದ್ಯಾಲಯ. ವಿಶ್ವವಿದ್ಯಾಲಯ ಲಾಗ್ ದಾಖಲೆಗಳನ್ನು ತಂದು ಬಿಡಿಸಿ ತೋರಿಸಿತು. 2023ರ ಅಕ್ಟೋಬರಿನಲ್ಲಿ ಅಂತಿಮ ತೀರ್ಪು ಬಂದಾಗ, ಅವಳ ವಿಷಯದಲ್ಲಿ ತಂತ್ರಾಂಶ ತಾರತಮ್ಯ ಮಾಡಿತು ಎನ್ನುವುದು ನಿಲ್ಲಲಿಲ್ಲ. ಅವಳ ದೂರನ್ನು ವಿಶ್ವವಿದ್ಯಾಲಯ ಸರಿಯಾಗಿ ವಿಚಾರಿಸಲಿಲ್ಲ ಎನ್ನುವುದು ಮಾತ್ರ ನಿಂತಿತು.

ಅವಳು ಸೋತಳು ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಲಾಗ್ ಇದ್ದದ್ದು ವಿಶ್ವವಿದ್ಯಾಲಯದ ಕೈಯಲ್ಲಿ, ಅವಳ ಕೈಯಲ್ಲಲ್ಲ. ಅದನ್ನು ಹೊರಗೆ ತರಿಸಲು ಒಬ್ಬ ವಿದ್ಯಾರ್ಥಿನಿ ಅಲ್ಲಿಯವರೆಗೆ ಹೋಗಬೇಕಾಯಿತು.

ಜುಲೈ 27, ಭಾನುವಾರ

ಕಮಿಟಿಗಾಗಿ ಒಂದು ಪುಟದ ಲೆಕ್ಕ ಬರೆದೆ. ಅಂಕಿಗಳು ಉದಾಹರಣೆಗೆ, ಯಾವ ಕಂಪನಿಯವೂ ಅಲ್ಲ.

ಆರುನೂರು ಮಕ್ಕಳು ಮನೆಯಿಂದ ಬರೆಯುತ್ತಾರೆ. ನೂರಕ್ಕೆ ಇಬ್ಬರು ನಕಲು ಮಾಡುತ್ತಾರೆ ಅನ್ನೋಣ, ಅಂದರೆ 12 ಮಂದಿ. ತಂತ್ರಾಂಶ ಅವರಲ್ಲಿ ಅರ್ಧ ಜನರನ್ನು ಹಿಡಿಯುತ್ತದೆ, 6. ಪ್ರಾಮಾಣಿಕರಲ್ಲಿ ನೂರಕ್ಕೆ ಐದು ಮಂದಿಯ ಮೇಲೆ ಮಾತ್ರ ತಪ್ಪಾಗಿ ಫ್ಲ್ಯಾಗ್ ಹಾಕುತ್ತದೆ, ಬಹಳ ಉದಾರವಾದ ಊಹೆ ಇದು. 588ಕ್ಕೆ ಐದು ಶೇಕಡಾ ಅಂದರೆ 29. ಪಟ್ಟಿಯಲ್ಲಿ ಒಟ್ಟು 35 ಹೆಸರು. ಪ್ರತಿ ಆರು ಹೆಸರಲ್ಲಿ ಐದು ಏನೂ ಮಾಡದವರದು. ನಿಜವಾಗಿ ನಕಲು ಮಾಡಿದ ಇನ್ನರ್ಧ ಜನ ಪಟ್ಟಿಯಲ್ಲೇ ಇಲ್ಲ.

ಹಿಡಿಯಬೇಕಾದವರು ಕಡಿಮೆ ಇರುವಲ್ಲಿ ಸಣ್ಣ ತಪ್ಪಿನ ಪ್ರಮಾಣವೂ ದೊಡ್ಡದಾಗುತ್ತದೆ. ಅಪರೂಪದ ಕಾಯಿಲೆಗೆ ಊರೆಲ್ಲ ರಕ್ತಪರೀಕ್ಷೆ ಮಾಡಿದ ಹಾಗೆ. ನನ್ನ ವಿದ್ಯಾರ್ಥಿಗಳು ಬೇಯ್ಸ್ ಪ್ರಮೇಯದ ಕೆಳಗೆ ಈ ಲೆಕ್ಕವನ್ನು ಐದು ಅಂಕಕ್ಕೆ ಮಾಡುತ್ತಾರೆ.

ಅರ್ಧ ಜನರನ್ನು ಹಿಡಿಯುತ್ತದೆ ಅಂದೆನಲ್ಲ, ಅದೂ ಜಾಸ್ತಿ. ನೆದರ್ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿ 30 ವಿದ್ಯಾರ್ಥಿಗಳನ್ನು ಕೂರಿಸಿ ಪ್ರಯೋಗ ಮಾಡಿದ್ದಾರೆ. ಆರು ಜನರಿಗೆ ನಕಲು ಮಾಡಿ ಎಂದೇ ಹೇಳಿದ್ದರು, ಇನ್ನೈದು ಜನರಿಗೆ ಪ್ರಾಮಾಣಿಕವಾಗಿ ಬರೆಯುತ್ತಲೇ ಗಾಬರಿಯಾದಂತೆ ನಡೆದುಕೊಳ್ಳಿ ಎಂದು. ನಕಲು ಮಾಡಿದ ಆರು ಜನರಲ್ಲಿ ತಂತ್ರಾಂಶ ಹಿಡಿದದ್ದು ಒಬ್ಬರನ್ನೂ ಅಲ್ಲ. ವಿಡಿಯೋ ನೋಡಿದ ಮನುಷ್ಯ ಒಬ್ಬರನ್ನು ಹಿಡಿದ. ಸಣ್ಣ ಪ್ರಯೋಗ, ಒಂದೇ ತಂತ್ರಾಂಶ, ಹಾಗಾಗಿ ಹಿಗ್ಗಿಸಿ ಹೇಳಲಾರೆ.

ಇನ್ನೊಂದು ತುದಿಯಲ್ಲಿ ಕ್ಯಾಲಿಫೋರ್ನಿಯಾ. 2020ರ ಅಕ್ಟೋಬರಿನಲ್ಲಿ ವಕೀಲರಾಗುವವರ ಬಾರ್ ಪರೀಕ್ಷೆ ಮನೆಯಿಂದ ನಡೆಯಿತು. ಬರೆದ ಸುಮಾರು 9,000 ಜನರಲ್ಲಿ ಮೂರನೇ ಒಂದು ಭಾಗದಷ್ಟು ಮಂದಿಯ ವಿಡಿಯೋಗಳ ಮೇಲೆ ಫ್ಲ್ಯಾಗ್. ಬಹುಪಾಲು ಜನರ ಮೇಲಿನ ಅನುಮಾನ ಆಮೇಲೆ ಬಿದ್ದುಹೋಯಿತು. ನಡುವೆ ನೋಟಿಸ್ ಬಂದವರು ತಮ್ಮ ಕಡೆಯ ವಿವರಣೆ ಬರೆದು ಕಳಿಸಬೇಕಾಗಿತ್ತು.

ಫ್ಲ್ಯಾಗ್ ಎಂದರೆ ತೀರ್ಪಲ್ಲ, ಕೊನೆಗೆ ನೋಡುವವರು ಮನುಷ್ಯರೇ ಎಂಬುದು ಎಲ್ಲ ಕಂಪನಿಗಳ ಉತ್ತರ. ಪ್ರಾಕ್ಟರ್‌ಯು ಎಂಬ ದೊಡ್ಡ ಕಂಪನಿ 2021ರಲ್ಲಿ ಯಂತ್ರವೊಂದೇ ಕಾಯುವ ಸೇವೆಯನ್ನು ಮಾರುವುದನ್ನೇ ನಿಲ್ಲಿಸಿತು. ಅವರೇ ಕೊಟ್ಟ ಕಾರಣ: ಫ್ಲ್ಯಾಗ್ ಬಿದ್ದ ಪರೀಕ್ಷೆಗಳಲ್ಲಿ ಅಧ್ಯಾಪಕರು ತೆರೆದು ನೋಡುತ್ತಿದ್ದುದು ನೂರಕ್ಕೆ 11ರಷ್ಟು ಮಾತ್ರ. ನನಗೆ ಆಶ್ಚರ್ಯವೇನಿಲ್ಲ. ಮೂವತ್ತೈದು ಮಕ್ಕಳ ಒಂದೊಂದು ಗಂಟೆಯ ವಿಡಿಯೋ ನಮ್ಮ ವಿಭಾಗದಲ್ಲಿ ಯಾರು ನೋಡುತ್ತಾರೆ? ನ್ಯಾಕ್ ಫೈಲು ಮುಗಿಸಿ ರಾತ್ರಿ ಹನ್ನೊಂದಕ್ಕೆ ಕೂತವರು ಪಟ್ಟಿ ನೋಡುತ್ತಾರೆ, ವಿಡಿಯೋ ಅಲ್ಲ. ಪಟ್ಟಿಯಲ್ಲಿ ಹೆಸರಿದ್ದ ಹುಡುಗನ ಉತ್ತರ ಪತ್ರಿಕೆಯನ್ನು ಆಮೇಲೆ ಯಾವ ಕಣ್ಣಿನಿಂದ ನೋಡುತ್ತೇವೆ ಎನ್ನುವುದೂ ನಮಗೆ ಗೊತ್ತು.

ಆಗಸ್ಟ್ 2, ಶನಿವಾರ

ಕಮಿಟಿ ಸೇರಿತು. ಟಿಪ್ಪಣಿ ಓದಿದೆ. ಪೆದ್ದ ಯಂತ್ರದ ಲೆಕ್ಕ ಕೇಳಿ ಪ್ರಿನ್ಸಿಪಾಲರು ನಕ್ಕರು, 35 ಹೆಸರಿನ ಲೆಕ್ಕ ಕೇಳಿ ನಗಲಿಲ್ಲ.

ಕಂಟ್ರೋಲರ್ ಸರ್ ಬಿಟ್ಟುಕೊಡುವವರಲ್ಲ. "ಮೇಡಂ, ಮನುಷ್ಯರೇನು ಧರ್ಮರಾಯರಾ? ಒಬ್ಬರು 38 ಹಾಕಿದ ಪೇಪರಿಗೆ ಇನ್ನೊಬ್ಬರು 55 ಹಾಕಿದ್ದು ನೀವೇ ನೋಡಿದೀರಿ. ಸ್ಕ್ವಾಡಿನವರು ಬಂದಾಗ ಯಾವ ಹುಡುಗನ ಜೇಬು ಮೊದಲು ತಪಾಸಣೆ ಆಗುತ್ತೆ ಅನ್ನೋದೂ ಗೊತ್ತಿದೆ."

ಅವರ ಮಾತು ಸುಳ್ಳಲ್ಲ, ಹಾಗೇ ಹೇಳಿದೆ. ಆದರೆ 38ಕ್ಕೂ 55ಕ್ಕೂ ನಮ್ಮಲ್ಲಿ ಒಂದು ದಾರಿ ಇದೆ. ಎರಡು ವ್ಯಾಲ್ಯುಯೇಷನ್ನಿನ ನಡುವಿನ ಅಂತರ ಮಿತಿ ಮೀರಿದರೆ ಮೂರನೆಯವರಿಗೆ ಹೋಗುತ್ತದೆ, ಹುಡುಗ ಕೇಳಲೂ ಬೇಕಿಲ್ಲ. ನಕಲು ಕೇಸಾದರೆ ಇನ್ವಿಜಿಲೇಟರ್ ಚೀಟಿ ಹಿಡಿದು ಸಹಿ ಹಾಕಬೇಕು, ಹುಡುಗನ ಹೇಳಿಕೆ ಬರೆಸಿಕೊಳ್ಳಬೇಕು, ಕಮಿಟಿ ಮುಂದೆ ಆ ಚೀಟಿ ಇರಬೇಕು. ಹೊಸ ತಂತ್ರಾಂಶದ ಕರಾರಿನಲ್ಲಿ ಇಂಥದ್ದು ಒಂದೂ ಇಲ್ಲ. ಚೀಟಿಯ ಜಾಗದಲ್ಲಿ "ಅನುಮಾನದ ಅಂಕ 74" ಎಂದು ಬರುತ್ತದೆ. ಎಪ್ಪತ್ತನಾಲ್ಕು ಏಕೆ ಎಂದು ಹುಡುಗ ಕೇಳಿದರೆ ಹೇಳಲು ನಮ್ಮಲ್ಲಿ ಯಾರಿಗೂ ಬರುವುದಿಲ್ಲ.

ಕಾಮರ್ಸಿನ ಹಿರಿಯರು ಎನ್‌ಲಾಟ್ ನೆನಪಿಸಿದರು. ನಮ್ಮ ಬೆಂಗಳೂರಿನದೇ ಕತೆ. 2020ರಲ್ಲಿ ಕ್ಲಾಟ್ ಮುಂದಕ್ಕೆ ಹೋಗುತ್ತಲೇ ಇದೆ ಎಂದು ರಾಷ್ಟ್ರೀಯ ಕಾನೂನು ಶಾಲೆ ಬೇರೆಯಾಗಿ, ಮನೆಯಿಂದಲೇ ಬರೆಯುವ, ಕ್ಯಾಮೆರಾ ಕಾವಲಿನ ಪ್ರವೇಶ ಪರೀಕ್ಷೆಯನ್ನು ಸೆಪ್ಟೆಂಬರ್ 12ಕ್ಕೆ ನಡೆಸಿತು. ತಾಂತ್ರಿಕ ತೊಂದರೆಯಾದವರಿಗೆ 14ರಂದು ಮತ್ತೆ ಪರೀಕ್ಷೆ. ಸೆಪ್ಟೆಂಬರ್ 21ಕ್ಕೆ ಸುಪ್ರೀಂ ಕೋರ್ಟ್ ಇಡೀ ಪರೀಕ್ಷೆಯನ್ನೇ ರದ್ದು ಮಾಡಿ ಕ್ಲಾಟ್ ಮೂಲಕವೇ ಪ್ರವೇಶ ಕೊಡಿ ಎಂದಿತು. ಮನೆಯಿಂದ ಬರೆಸುವ ಪರೀಕ್ಷೆಯಲ್ಲಿ ಪಾರದರ್ಶಕತೆ ಉಳಿಯುವ ಬಗ್ಗೆಯೂ, ಸಾಧನ ಸೌಕರ್ಯ ಇಲ್ಲದ ಮಕ್ಕಳು ಅವಕಾಶ ಕಳೆದುಕೊಳ್ಳುವ ಬಗ್ಗೆಯೂ ನ್ಯಾಯಾಲಯ ಆತಂಕ ಹೇಳಿತ್ತು. "ದೇಶದ ದೊಡ್ಡ ಲಾ ಸ್ಕೂಲಿಗೇ ಆಗದ್ದು ನಮಗೆ ಆಗುತ್ತಾ?" ಅಂದರು ಹಿರಿಯರು. ಇದು ವಾದವಲ್ಲ, ಆದರೆ ಕಮಿಟಿಗಳಲ್ಲಿ ವಾದಕ್ಕಿಂತ ಇದೇ ಕೆಲಸ ಮಾಡುತ್ತದೆ.

ಪ್ರಾಕ್ಟರಿಂಗ್ ಬೇಡ ಎಂದಾಯಿತು. ಇಂಟರ್ನಲ್ ಟೆಸ್ಟು ಲ್ಯಾಬಿನಲ್ಲೇ, ಬ್ಯಾಚ್ ಬ್ಯಾಚಾಗಿ. ಪ್ರಬಂಧದ ತಂತ್ರಾಂಶವನ್ನು ಮಾತ್ರ ಕಂಟ್ರೋಲರ್ ಉಳಿಸಿಕೊಂಡರು, ಒಂದು ಷರತ್ತಿನ ಮೇಲೆ. ಈ ಸೆಮಿಸ್ಟರಿನ ಒಂದು ಬಂಡಲನ್ನು ಇಬ್ಬರು ಅಧ್ಯಾಪಕರೂ ಯಂತ್ರವೂ ಬೇರೆಬೇರೆಯಾಗಿ ತಿದ್ದಬೇಕು. ಫಲಿತಾಂಶವನ್ನು ಕನ್ನಡ ಮಾಧ್ಯಮದಿಂದ ಬಂದವರು, ಇಂಗ್ಲಿಷ್ ಮಾಧ್ಯಮದಿಂದ ಬಂದವರು ಎಂದು ಒಡೆದು ನೋಡಬೇಕು, ಉದ್ದವನ್ನು ಪಕ್ಕಕ್ಕಿಟ್ಟು ಇನ್ನೊಮ್ಮೆ ನೋಡಬೇಕು. ಅಧ್ಯಾಪಕರಿಗೂ ಯಂತ್ರಕ್ಕೂ ಒಂದಕ್ಕಿಂತ ಹೆಚ್ಚು ಅಂಕದ ಅಂತರ ಬಂದದ್ದೆಲ್ಲ, ಯಾರೂ ಕೇಳದೆಯೇ, ಫೀಸಿಲ್ಲದೆಯೇ ಮೂರನೆಯವರಿಗೆ ಹೋಗಬೇಕು.

ಆಗಸ್ಟ್ 5, ಮಂಗಳವಾರ

ಕಂಪನಿಯ ಹುಡುಗ ಫೋನು ಮಾಡಿದ್ದ. ಪ್ರಾಕ್ಟರಿಂಗ್ ಯಾಕೆ ಬಿಟ್ಟಿರಿ ಮೇಡಂ, ಸೆಟ್ಟಿಂಗಿನಲ್ಲಿ ಸೆನ್ಸಿಟಿವಿಟಿ ಕಡಿಮೆ ಮಾಡಿಕೊಡ್ತೀವಿ ಅಂದ. ಕಡಿಮೆ ಮಾಡಿದರೆ ಹಾಸ್ಟೆಲ್ ಹುಡುಗಿಯ ಜೊತೆ ನಕಲು ಮಾಡುವವನೂ ತಪ್ಪಿಸಿಕೊಳ್ಳುತ್ತಾನಲ್ಲ ಅಂದೆ. ಆಮೇಲೆ ಕೇಳಿದೆ, ಇಷ್ಟು ಕಾಲೇಜಿಗೆ ಕೊಟ್ಟಿದ್ದೀರಲ್ಲ, ಫ್ಲ್ಯಾಗ್ ಬಿದ್ದವರಲ್ಲಿ ವಿಚಾರಣೆಯ ನಂತರ ಎಷ್ಟು ಜನ ನಿಜವಾಗಿ ತಪ್ಪಿತಸ್ಥರು ಅಂತಾಯಿತು?

"ಅದು ಕಾಲೇಜಿನವರ ಹತ್ರ ಇರುತ್ತೆ ಮೇಡಂ. ನಾವು ಆ ಡೇಟಾ ತಗೊಳ್ಳಲ್ಲ."

ಕಪ್ಪಾ 0.8ರ ಮೂಲ ಕಾಗದವನ್ನೂ ಕೇಳಿದೆ. ಅದು ಬಂತು, ಸಂಜೆ ಮೇಲ್‌ನಲ್ಲಿ. ಅಮೆರಿಕದ ಶಾಲಾ ಮಕ್ಕಳು ತಮ್ಮ ಮಾತೃಭಾಷೆಯಲ್ಲಿ ಬರೆದ ಪ್ರಬಂಧಗಳ ಮೇಲೆ ತೆಗೆದದ್ದು. ಪ್ರಿಂಟ್ ತೆಗೆದು ಟಿಪ್ಪಣಿಗೆ ಲಗತ್ತಿಸಿದೆ. ನಾಳೆ ಇಂಗ್ಲಿಷ್ ಮೇಡಂ ಜೊತೆ ಕೂತು ಬಂಡಲ್ ಆರಿಸಬೇಕು. ಮಕ್ಕಳ ಪಿಯುಸಿ ಮಾಧ್ಯಮದ ವಿವರ ಅಡ್ಮಿಷನ್ ಸೆಕ್ಷನ್ನಿನಿಂದ ತರಿಸಬೇಕು, ಅಲ್ಲಿ ಕ್ಲರ್ಕು ರಜೆಯಲ್ಲಿದ್ದಾನೆ.